ವೃತ್ತ, ಗಾಳಿಪಟ, ಗೋಪುರ: ಮೂರು ಗುರಾಣಿಗಳನ್ನು ವರ್ಷಗಟ್ಟಲೆ ಹಿಡಿದ ಮೇಲೆ

ಇಂಗ್ಲೆಂಡಿನಲ್ಲಿ ಹಳೆಯ ಯುದ್ಧಗಳನ್ನು ಮೊಂಡು ಆಯುಧಗಳೊಂದಿಗೆ ಆಡಿ ತೋರಿಸುವ ತಂಡವೊಂದರಲ್ಲಿ ನಾನಿದ್ದೇನೆ. ಹೊಸದಾಗಿ ಸೇರುವವರು ಕೇಳುವ ಮೊದಲ ಪ್ರಶ್ನೆ ಗುರಾಣಿಯ ತೂಕದ್ದೇ. ನನ್ನ ವೈಕಿಂಗ್ ಮಾದರಿಯ ವೃತ್ತ ಗುರಾಣಿ ಮತ್ತು ನಾರ್ಮನ್ ಮಾದರಿಯ ಗಾಳಿಪಟ ಗುರಾಣಿ ಹೆಚ್ಚುಕಡಿಮೆ 4 ಕಿಲೋ ತೂಗುತ್ತವೆ. ರೋಮನ್ನರ ಸ್ಕೂಟಮ್ ಮಾದರಿಯ ಗೋಪುರ ಗುರಾಣಿ 6 ಕಿಲೋ ದಾಟುತ್ತದೆ. ಆದರೆ ತೋಳು ಸೋಲುವುದು ಆ ಅಂಕಿಗಳ ಕ್ರಮದಲ್ಲಲ್ಲ. ಹಿಡಿ ಎಲ್ಲಿದೆ ಎಂಬುದೇ ದಣಿವನ್ನೂ ಕಾದಾಟದ ರೀತಿಯನ್ನೂ ನಿರ್ಧರಿಸುತ್ತದೆ.

ನಾನು ಹೆಚ್ಚು ಬಳಸಿರುವುದು ವೃತ್ತ ಗುರಾಣಿಯನ್ನು. ಹಲಗೆಯ ನಡುವೆ ಒಂದು ರಂಧ್ರ, ಅದರ ಹಿಂದೆ ಅಡ್ಡವಾಗಿ ಮರದ ಹಿಡಿ, ಮುಂದೆ ಬೆರಳುಗಳನ್ನು ಕಾಯುವ ಕಬ್ಬಿಣದ ಉಬ್ಬು. ತೋಳಿಗೆ ಪಟ್ಟಿಯಿಲ್ಲ, ಇಡೀ ಭಾರ ಮುಷ್ಟಿಯ ಮೇಲೆ. ಆದ್ದರಿಂದಲೇ ಇದನ್ನು ಮೈಯಿಂದ ದೂರಕ್ಕೆ ಚಾಚಬಹುದು, ಹೊಡೆತ ಬಲ ಕೂಡಿಸಿಕೊಳ್ಳುವ ಮೊದಲೇ ಎದುರಾಳಿಯ ಕೈಯನ್ನು ತಡೆಯಬಹುದು. ಇದರ ದೌರ್ಬಲ್ಯವೂ ಅಲ್ಲೇ ಇದೆ. ಎದುರಾಳಿ ಗುರಾಣಿಯ ಅಂಚಿಗೆ ಹೊಡೆದನೆನ್ನಿ. ಏಟು ಬಿದ್ದದ್ದು ನಡುವಿನಿಂದ 45 ಸೆಂಟಿಮೀಟರ್ ದೂರದಲ್ಲಿ. ಅದನ್ನು ತಡೆಹಿಡಿಯಲು ನನಗಿರುವುದು ಅಂಗೈ ಅಗಲದ ಹಿಡಿ ಮಾತ್ರ. ಗುರಾಣಿ ಬಾಗಿಲಿನಂತೆ ತಿರುಗಿ ಎದೆ ತೆರೆದುಕೊಳ್ಳುತ್ತದೆ. ಇದಕ್ಕೆ ಪರಿಹಾರವೆಂದರೆ ಅದನ್ನು ಎದುರಿಗೆ ಚಪ್ಪಟೆಯಾಗಿ ಹಿಡಿಯದೆ, ಒಂದು ಅಂಚು ಎದುರಾಳಿಯ ಕಡೆ ಚಾಚಿರುವಂತೆ ಓರೆಯಾಗಿಸುವುದು. ಆಗ ಏಟು ಹಲಗೆಯ ಮೇಲೆ ಜಾರಿಹೋಗುತ್ತದೆ. ಒಂಟಿಯಾಗಿ ಕಾದುವವನಿಗೆ ಮೂರರಲ್ಲಿ ಹೆಚ್ಚು ಸ್ವಾತಂತ್ರ್ಯ ಕೊಡುವುದು ಇದೇ. ಮಂಡಿಯ ಕೆಳಗೆ ಮಾತ್ರ ರಕ್ಷಣೆಯಿಲ್ಲ. ಕಾಲಿಗೆ ಬರುವ ಏಟಿಗೆ ಹಿಂದೆ ಸರಿಯಲೇಬೇಕು.

ಕೊಳ್ಳುವಾಗ ಅಂಚಿನ ದಪ್ಪ ನೋಡಿ. ನಾರ್ವೆಯ ಗೋಕ್‌ಸ್ಟಾಡ್‌ನಲ್ಲಿ 1880ರಲ್ಲಿ ಅಗೆದು ತೆಗೆದ ಹಡಗಿನ ಗುರಾಣಿಗಳು 90 ಸೆಂಟಿಮೀಟರಿಗಿಂತ ತುಸು ಹೆಚ್ಚು ಅಗಲದ ಪೈನ್ ಹಲಗೆಗಳು. ನಡುವೆಯೇ ತೆಳು, ಅಂಚಿನ ಕಡೆ ಇನ್ನೂ ತೆಳು. ಅಂಚು ಹಗುರವಾದಷ್ಟೂ ಮಣಿಕಟ್ಟು ಬೇಗ ತಿರುಗುತ್ತದೆ. ಮಾರಾಟಕ್ಕಿರುವ ಅಗ್ಗದ ಮಾದರಿಗಳು ಅಂಚಿನವರೆಗೂ 12 ಮಿಲಿಮೀಟರ್ ಪ್ಲೈವುಡ್ ಆಗಿರುತ್ತವೆ. ಅವು ಒಡೆಯುವುದಿಲ್ಲ, ನಿಜ. ಆದರೆ ಒಮ್ಮೆ ಬೀಸಿದ ಗುರಾಣಿಯನ್ನು ನಿಲ್ಲಿಸುವಷ್ಟರಲ್ಲಿ ಮಣಿಕಟ್ಟು ನೋಯತೊಡಗುತ್ತದೆ.

ಗಾಳಿಪಟ ಗುರಾಣಿಯ ಲೆಕ್ಕವೇ ಬೇರೆ. ಮೇಲೆ ಅಗಲವಾಗಿದ್ದು ಕೆಳಗೆ ಮೊನಚಾಗುವ ಇದನ್ನು 11ನೆಯ ಶತಮಾನದ ಬಾಯೊ ಕಸೂತಿಪಟದಲ್ಲಿ ಕುದುರೆ ಸವಾರರ ಕೈಯಲ್ಲೂ ಕಾಲಾಳುಗಳ ಕೈಯಲ್ಲೂ ಕಾಣಬಹುದು. ಮುಂದೋಳು ಚರ್ಮದ ಪಟ್ಟಿಗಳೊಳಗೆ ಹೋಗುತ್ತದೆ. ಇನ್ನೊಂದು ಉದ್ದ ಪಟ್ಟಿ ಕುತ್ತಿಗೆಗೆ ಬೀಳುತ್ತದೆ. ಬೆರಳುಗಳು ಲಗಾಮಿಗೆ ಬಿಡುವಾಗುತ್ತವೆ, ಸವಾರನ ಎಡಗಾಲನ್ನು ಗುರಾಣಿಯ ಬಾಲ ಕಾಯುತ್ತದೆ. ನಾನು ಬಳಸುವುದು ನೆಲದ ಮೇಲೆ ಮಾತ್ರ. ಸಾಲಿನಲ್ಲಿ ನಿಂತು ಕಾಯುವ ಹೊತ್ತಿನಲ್ಲಿ ಭಾರವನ್ನು ಭುಜಕ್ಕೆ ಬಿಟ್ಟು ತೋಳಿಗೆ ವಿಶ್ರಾಂತಿ ಕೊಡುವ ಅನುಕೂಲ ಉಳಿದೆರಡರಲ್ಲೂ ಇಲ್ಲ. ಅಂಚಿಗೆ ಏಟು ಬಿದ್ದರೂ ಇದು ಅಷ್ಟು ಸುಲಭವಾಗಿ ತಿರುಗುವುದಿಲ್ಲ. ಆದರೆ ಮುಂದಕ್ಕೆ ಚಾಚಲಾಗದು, ಹೊಡೆತದ ಬಲವೆಲ್ಲ ನೇರವಾಗಿ ಮುಂದೋಳಿಗೇ ಬರುತ್ತದೆ. ಪಟ್ಟಿಗಳ ನಡುವೆ ದಪ್ಪ ಮೆತ್ತೆ ಇಲ್ಲದ ಗುರಾಣಿಯನ್ನು ಯಾರೂ ಕೊಳ್ಳಬಾರದು. ಪಟ್ಟಿಗಳು ಸಡಿಲವಾದರೆ ಗುರಾಣಿ ತೋಳಿನ ಮೇಲೆ ಓಲಾಡುತ್ತದೆ. ಚಳಿಗಾಲದ ದಪ್ಪ ಅಂಗಿಯ ಮೇಲೆ ಬಿಗಿ ಮಾಡಿದ ಪಟ್ಟಿ ಬೇಸಿಗೆಯಲ್ಲಿ ಖಂಡಿತ ಸಡಿಲವಾಗಿರುತ್ತದೆ.

ಸ್ಕೂಟಮ್ ಅನ್ನು ಮೊದಲ ಬಾರಿ ಎತ್ತಿದವರು ಇದನ್ನು ಹಿಡಿದು ಕಾದುವುದು ಆಗದ ಮಾತು ಎನ್ನುತ್ತಾರೆ. ಅವರು ಮೊಣಕೈ ಮಡಿಸಿ ಹಿಡಿದಿರುತ್ತಾರೆ. ಇದರ ಹಿಡಿ ಅಡ್ಡವಾಗಿದೆ. ತೋಳನ್ನು ನೇರವಾಗಿ ಇಳಿಬಿಟ್ಟು ಹಿಡಿದರೆ ಭಾರವನ್ನು ಭುಜ ಹೊರುತ್ತದೆ. ಸಿರಿಯಾದ ದುರಾ ಯುರೋಪೋಸ್‌ನಲ್ಲಿ ಸಿಕ್ಕ 3ನೆಯ ಶತಮಾನದ ಸ್ಕೂಟಮ್ ಮೀಟರಿಗಿಂತ ಸ್ವಲ್ಪ ಎತ್ತರವಿದೆ. ತೆಳುವಾದ ಮರದ ಪಟ್ಟಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿ, ಒಟ್ಟು ದಪ್ಪ 5–6 ಮಿಲಿಮೀಟರ್ ಮೀರದಂತೆ ಮಾಡಿದ್ದಾರೆ. ಅಷ್ಟು ತೆಳುವಾದರೂ ಬಾಗಿದ ಆಕಾರವೇ ಅದಕ್ಕೆ ಬಿಗುವು ಕೊಡುತ್ತದೆ. ಹಿಂದೆ ನಿಂತವನ ಭುಜದಿಂದ ಮೊಣಕಾಲಿನ ಕೆಳಗಿನವರೆಗೆ ಮುಚ್ಚಿಹೋಗುತ್ತದೆ, ಎರಡು ಪಕ್ಕೆಗಳೂ ಸೇರಿ.

ಏಟು ಬರುವ ಕಡೆಗೆಲ್ಲ ಇದನ್ನು ಒಯ್ಯಲು ಹೋಗಬೇಡಿ. ಎಡಗಾಲು ಮುಂದಿಟ್ಟು, ಗುರಾಣಿಯ ಉಬ್ಬಿನಿಂದ ಎದುರಾಳಿಯನ್ನು ನೂಕಿ, ಅವನು ತತ್ತರಿಸಿದ ಕ್ಷಣದಲ್ಲಿ ಬಲ ಅಂಚಿನ ಪಕ್ಕದಿಂದ ಗಿಡ್ಡ ಕತ್ತಿಯಲ್ಲಿ ತಿವಿಯಬೇಕು. ಉದ್ದ ಕತ್ತಿ ಬೀಸಲು ಹೋದರೆ ನಮ್ಮ ಗುರಾಣಿಯೇ ನಮಗೆ ಅಡ್ಡ ಬರುತ್ತದೆ. ಪಕ್ಕದಲ್ಲಿ ಜೊತೆಗಾರನಿದ್ದಾಗ ಇದರ ಮುಂದೆ ಉಳಿದೆರಡೂ ನಿಲ್ಲವು. ಒಬ್ಬನೇ ಇದ್ದಾಗ ಚುರುಕಾದ ಎದುರಾಳಿ ಬಲಕ್ಕೆ ಸುತ್ತಿಬರುತ್ತಾನೆ, ತಿರುಗುವಷ್ಟರಲ್ಲಿ ಏಟು ಬಿದ್ದಿರುತ್ತದೆ. ಗಾಳಿ ಜೋರಾದ ದಿನ ಇದನ್ನು ನೆಟ್ಟಗೆ ಹಿಡಿಯುವುದೇ ಒಂದು ಕೆಲಸ.

ನೆನೆದ ಮೇಲೆ ಮೂರನ್ನೂ ನೆರಳಿನಲ್ಲಿ ಒಣಗಿಸಿ. ಒಲೆಯ ಪಕ್ಕ ಇಟ್ಟರೆ ಅಂಚಿಗೆ ಹೊಲಿದ ತೊಗಲು ಕುಗ್ಗಿ ಹಲಗೆಯನ್ನು ಸೊಟ್ಟ ಮಾಡುತ್ತದೆ. ಸ್ಕೂಟಮ್‌ನ ಮೂಲೆಗಳನ್ನು ಬೆರಳಿನಿಂದ ತಟ್ಟಿ ನೋಡಿ: ಟೊಳ್ಳು ಸದ್ದು ಬಂದರೆ ಒಳಗಿನ ಪದರ ಬಿಟ್ಟಿದೆ ಎಂದೇ ಅರ್ಥ. ಮುಂದಿನ ಕಾದಾಟಕ್ಕೆ ಮೊದಲು ಅಲ್ಲಿ ಅಂಟು ತುಂಬಿ ಬಿಗಿಹಿಡಿಕೆ ಹಾಕಬೇಕು.