ಕಣ್ಣು, ಹಲ್ಲು, ಕೂದಲಂಚು: ಒಂದೇ ಮುಖಕ್ಕೆ ಮೂರು ವಿಧಾನಗಳನ್ನು ಹಚ್ಚಿ ನೋಡಿದ್ದು

ಶಿರಸಿಯ ಮಳೆಗಾಲ ಗಾಜಿನ ಚೌಕಟ್ಟಿನ ಫೋಟೊಗಳಿಗೆ ಒಳ್ಳೆಯದಲ್ಲ. ತೇವಕ್ಕೆ ಚಿತ್ರದ ಮೇಲ್ಪದರ ಗಾಜಿಗೆ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಕಿತ್ತು ಬರುತ್ತದೆ. ಕಳೆದ ಆಷಾಢದಲ್ಲಿ ನಮ್ಮ ಸ್ಟುಡಿಯೊಕ್ಕೆ ಬಂದ ಫೋಟೊವೂ ಹಾಗೆಯೇ ಹಾಳಾಗಿತ್ತು. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಸಂಜೆ ಹೊತ್ತು ತೆಗೆದ ಕುಟುಂಬದ ಚಿತ್ರ. ಆರು ಜನರ ನಡುವೆ ನಿಂತ ಅಜ್ಜಿಯ ಮುಖ ಮಾತ್ರ ಹಣೆಯಿಂದ ಗಲ್ಲದವರೆಗೆ ಗಾಜಿನ ಪಾಲಾಗಿತ್ತು. ಅಜ್ಜಿ ಈಗಿಲ್ಲ. ಅವರ ಮಗಳು ಇನ್ನೆರಡು ಫೋಟೊ ತಂದಿದ್ದರು: ಮದುವೆಮನೆಯಲ್ಲಿ ನಗುತ್ತಿರುವುದು ಒಂದು, ಗುರುತಿನ ಚೀಟಿಗೆಂದು ತೆಗೆಸಿದ್ದು ಒಂದು. "ಮುಖ ಕೂರಿಸಿಕೊಡು ತಮ್ಮಾ, ಆದರೆ ಅದು ನಮ್ಮ ಆಯಿಯ ಮುಖವೇ ಆಗಬೇಕು" ಎಂದರು.

ಆ ಎರಡನ್ನೂ ಆಧರಿಸಿ ಕಂಪ್ಯೂಟರಿನಲ್ಲಿ ಮುಖ ಸೃಷ್ಟಿಸಿ ಕೂರಿಸಿದೆ. ದೂರದಿಂದ ಒಪ್ಪುವಂತಿತ್ತು. ಹತ್ತಿರದಿಂದ ನೋಡಿದರೆ ಗಾಜಿನ ಗೋಲಿಯಂಥ ಕಣ್ಣು, ಟೂತ್‌ಪೇಸ್ಟ್ ಜಾಹೀರಾತಿನ ಹಲ್ಲು, ಕತ್ತರಿ ಹಾಕಿದಂಥ ಕೂದಲಂಚು. ಮನಸ್ಸು ಹಿಂಜರಿಯಿತು. ಇದನ್ನು ಸರಿಪಡಿಸಲು ಒಂದೇ ಕಡತದ ಮೇಲೆ ಮೂರು ವಿಧಾನಗಳನ್ನು ಪ್ರಯತ್ನಿಸಿದೆ: ಇಡೀ ಮುಖವನ್ನು ತಾನೇ ತಿದ್ದುವ ತಂತ್ರಾಂಶ, ಬೇಕಾದ ಭಾಗವನ್ನಷ್ಟೇ ಮತ್ತೆ ಸೃಷ್ಟಿಸುವ ಇನ್‌ಪೇಂಟಿಂಗ್, ಮತ್ತು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಕೈಕೆಲಸ.

ಮೊದಲು ಅಳತೆಯ ವಿಷಯ ಹೇಳಬೇಕು, ಏಕೆಂದರೆ ತೊಂದರೆಯ ಬೇರು ಅಲ್ಲಿದೆ. 4×6 ಇಂಚಿನ ಪ್ರಿಂಟನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿದಾಗ ಅಜ್ಜಿಯ ಮುಖದ ಅಗಲ ಸುಮಾರು 300 ಪಿಕ್ಸೆಲ್. ಮನುಷ್ಯನ ಕಣ್ಣಿನ ಕಪ್ಪು ವೃತ್ತ ಹತ್ತಿರ ಹತ್ತಿರ 12 ಮಿಲಿಮೀಟರ್, ಮುಖ ಸುಮಾರು 14 ಸೆಂಟಿಮೀಟರ್. ಲೆಕ್ಕ ಹಾಕಿದರೆ ಆ ವೃತ್ತಕ್ಕೆ ಸಿಗುವುದು 25 ಪಿಕ್ಸೆಲ್, ಅದರೊಳಗಿನ ಬೆಳಕಿನ ಚುಕ್ಕೆಗೆ ಎರಡು ಮೂರು.

ಮೊದಲ ವಿಧಾನದಲ್ಲಿ GFPGAN ಮತ್ತು CodeFormer ಎಂಬ ಎರಡು ಮುಖ ತಿದ್ದುವ ತಂತ್ರಾಂಶಗಳನ್ನು ಓಡಿಸಿದೆ. GFPGAN ರೆಪ್ಪೆಯ ಒಂದೊಂದು ಕೂದಲನ್ನೂ ಬಿಡಿಸಿತು. ಪಕ್ಕದಲ್ಲಿ ನಿಂತ ಮಗನ ಮುಖ ಹಳೆಯ ಕ್ಯಾಮೆರಾದ ಮಸುಕಿನಲ್ಲಿರುವಾಗ ಅಜ್ಜಿಯೊಬ್ಬರೇ ನಿನ್ನೆ ತೆಗೆದ ಚಿತ್ರದಂತೆ ಹೊಳೆಯುತ್ತಿದ್ದರು. ಇವೆರಡೂ ಕಲಿತದ್ದು 70,000 ಸ್ಪಷ್ಟ ಮುಖಗಳ FFHQ ಸಂಗ್ರಹದಿಂದ. ಹಾಗಾಗಿ ಎಲ್ಲ ಮುಖವನ್ನೂ ಆ ಸ್ಪಷ್ಟತೆಗೇ ಎಳೆಯುತ್ತವೆ. CodeFormer ನನಗೆ ಹೆಚ್ಚು ಹಿಡಿಸಿತು, ಎಷ್ಟು ತಿದ್ದಬೇಕೆಂದು ಅದಕ್ಕೆ ಹೇಳಬಹುದು.

```
python inference_codeformer.py -w 0.7 -s 1 --input_path scan
```

ಇಲ್ಲಿ `-w` ಎಂಬುದು 0ಯಿಂದ 1ರವರೆಗಿನ ಸಂಖ್ಯೆ. ಕಡಿಮೆಯಾದಷ್ಟೂ ಅದು ತನ್ನ ಕಲ್ಪನೆಯಿಂದ ತುಂಬುತ್ತದೆ, ಹೆಚ್ಚಾದಷ್ಟೂ ಕೊಟ್ಟ ಮುಖಕ್ಕೆ ನಿಷ್ಠವಾಗಿರುತ್ತದೆ. 0.5ರಲ್ಲಿ ಅಜ್ಜಿ ಇಪ್ಪತ್ತು ವರ್ಷ ಚಿಕ್ಕವರಾದ ಯಾರೋ ಆಗಿದ್ದರು. 0.9ರಲ್ಲಿ ಕಣ್ಣಿನ ದೋಷ ಹಾಗೇ ಉಳಿಯಿತು. 0.7ರದ್ದನ್ನು ಪ್ರತ್ಯೇಕ ಲೇಯರ್ ಮಾಡಿ, ಅರ್ಧ ಪಾರದರ್ಶಕವಾಗಿಸಿ, ಕೆನ್ನೆ ಹಣೆಗಳಿಗೆ ಮಾತ್ರ ಬಳಸಿದೆ.

ಕಣ್ಣಿಗೆ ಗೆದ್ದದ್ದು ಇನ್‌ಪೇಂಟಿಂಗ್, ಆದರೆ ಎರಡನೆಯ ಪ್ರಯತ್ನದಲ್ಲಿ. ಇದಕ್ಕೆ ಬಳಸಿದ ಸ್ಟೇಬಲ್ ಡಿಫ್ಯೂಷನ್ ಎಂಬ ಚಿತ್ರ ಸೃಷ್ಟಿಸುವ ತಂತ್ರಾಂಶ ಚಿತ್ರವನ್ನು ಪಿಕ್ಸೆಲ್ ಪಿಕ್ಸೆಲ್ ಆಗಿ ನೋಡುವುದಿಲ್ಲ. ಎಂಟು ಪಿಕ್ಸೆಲ್ ಅಗಲ, ಎಂಟು ಪಿಕ್ಸೆಲ್ ಎತ್ತರದ ಜಾಗವನ್ನು ಚೌಕಾಬಾರದ ಒಂದು ಮನೆಯಂತೆ ಎಣಿಸುತ್ತದೆ. 25 ಪಿಕ್ಸೆಲ್ ವೃತ್ತವೆಂದರೆ ಅದಕ್ಕೆ ಮೂರು ಮನೆ. ಮೂರು ಮನೆಯಲ್ಲಿ ದುಂಡನೆಯ ಕಣ್ಣು ಬರೆಯುವುದಾದರೂ ಹೇಗೆ? ಎರಡೂ ಕಣ್ಣು ಸೇರುವ 256 ಪಿಕ್ಸೆಲ್ ಪಟ್ಟಿಯನ್ನು 1024ಕ್ಕೆ ಹಿಗ್ಗಿಸಿ ಕೊಟ್ಟಾಗ ಅದೇ ವೃತ್ತಕ್ಕೆ ಹನ್ನೆರಡು ಮನೆ ಸಿಕ್ಕಿತು, ಕಣ್ಣು ದುಂಡಾಯಿತು. ಅದನ್ನು ಓಡಿಸುವ AUTOMATIC1111 ಪುಟದಲ್ಲಿ `Inpaint area` ಎಂಬಲ್ಲಿ `Only masked` ಆರಿಸಿದರೆ ಈ ಹಿಗ್ಗಿಸುವಿಕೆ ತಾನೇ ಆಗುತ್ತದೆ. ಎಷ್ಟು ಬದಲಿಸಬೇಕೆಂದು ಹೇಳುವ `Denoising strength` ಅನ್ನು 0.3 ಇಟ್ಟೆ. 0.2ರಲ್ಲಿ ಏನೂ ಬದಲಾಗಲಿಲ್ಲ, 0.5ರಲ್ಲಿ ನೋಟವೇ ಬೇರೆ ಕಡೆ ಹೊರಳಿತು. ಒಂದೊಂದೇ ಕಣ್ಣನ್ನು ಬೇರೆ ಬೇರೆಯಾಗಿ ಮಾಡಿಸಬೇಡಿ, ನೋಟ ಒಂದಕ್ಕೊಂದು ಸೇರುವುದಿಲ್ಲ.

ಬೆಳಕಿನ ಚುಕ್ಕೆಯನ್ನು ಮಾತ್ರ ಕೈಯಿಂದಲೇ ಇಟ್ಟೆ. ಯಂತ್ರ ಒಂದು ಕಣ್ಣಿಗೆ ಚೌಕದ ಚುಕ್ಕೆ, ಇನ್ನೊಂದಕ್ಕೆ ದುಂಡನೆಯದು ಕೊಟ್ಟಿತ್ತು. ಪಕ್ಕದವರ ಕಣ್ಣನ್ನು ನಾಲ್ಕು ಪಟ್ಟು ಹಿಗ್ಗಿಸಿ ನೋಡಿದೆ. ಸಂಜೆಸೂರ್ಯನ ಚುಕ್ಕೆ ಎಲ್ಲರಿಗೂ ಎಡ ಮೇಲ್ಭಾಗದಲ್ಲಿತ್ತು. ಅಜ್ಜಿಗೂ ಅಲ್ಲೇ ಎರಡು ಪಿಕ್ಸೆಲ್ ಇಟ್ಟು, ಮೇಲಿನ ರೆಪ್ಪೆಯಡಿಯ ಬಿಳಿಯ ಮೇಲೆ ತೆಳು ನೆರಳು ಎಳೆದೆ. ಕಣ್ಣಿಗೆ ಜೀವ ಬಂದದ್ದು ಆ ನೆರಳಿನಿಂದ ಎಂದೇ ನನ್ನ ನಂಬಿಕೆ.

ಹಲ್ಲಿನ ವಿಷಯದಲ್ಲಿ ಇನ್‌ಪೇಂಟಿಂಗ್ ಪೂರ್ತಿ ಸೋತಿತು. ಒಮ್ಮೆ ಮೂಗಿನ ನೇರಕ್ಕೆ ಎರಡು ಹಲ್ಲುಗಳ ಸಂದಿ ಬರುವ ಬದಲು ಒಂದು ಹಲ್ಲೇ ನಿಂತಿತು, ಇನ್ನೊಮ್ಮೆ ಕೋರೆಹಲ್ಲುಗಳ ನಡುವೆ ನಾಲ್ಕರ ಬದಲು ಐದು. CodeFormer ಎಣಿಕೆ ಸರಿಯಿಟ್ಟರೂ ಪ್ರತಿ ಸಂದಿಗೂ ಕಪ್ಪು ಗೆರೆ ಎಳೆಯಿತು. ಇಷ್ಟು ಚಿಕ್ಕ ಮುಖದಲ್ಲಿ ನಿಜವಾದ ಹಲ್ಲು ಒಂದೇ ಮಸುಕು ಪಟ್ಟಿಯಾಗಿ ಕಾಣುತ್ತದೆ. CodeFormer ಕೊಟ್ಟ ಹಲ್ಲಿನ ಪ್ರಿಂಟನ್ನು ಮಗಳಿಗೆ ತೋರಿಸಿದಾಗ ಅವರು ತಕ್ಷಣ, "ಆಯಿ ದಿನಕ್ಕೆ ಹತ್ತು ಸಲ ಕವಳ ಹಾಕುತ್ತಿದ್ದಳು, ಇಷ್ಟು ಬಿಳಿ ಹಲ್ಲು ಅವಳಿಗೆಲ್ಲಿಂದ?" ಎಂದರು.

ಅಲ್ಲಿಗೆ ದಾರಿ ಸ್ಪಷ್ಟವಾಯಿತು. ಮದುವೆಮನೆಯ ಫೋಟೊದಿಂದ ತುಟಿಯೊಳಗಿನ ಭಾಗವನ್ನು ಕತ್ತರಿಸಿ, ತುಸು ತಿರುಗಿಸಿ ಕೂರಿಸಿದೆ. ಅದು ಫ್ಲ್ಯಾಷ್ ಬೆಳಕಿನ ಚಿತ್ರವಾದ್ದರಿಂದ ಹಲ್ಲಿನ ಹೊಳಪು 255ಕ್ಕೆ 230ರಷ್ಟಿತ್ತು. ಕಡಲತೀರದ ಚಿತ್ರದಲ್ಲಿ ಮಗನ ಹಲ್ಲು 170. ಗಿಂಪ್‌ನಲ್ಲಿ ಹೊಳಪು ಹೊಂದಿಸುವ ಕರ್ವ್ಸ್‌ನಿಂದ 165ಕ್ಕೆ ಇಳಿಸಿ, ಬಾಯಿಯ ಎರಡೂ ಮೂಲೆಗಳನ್ನು ಇನ್ನಷ್ಟು ಕಪ್ಪಾಗಿಸಿದೆ. ಕವಳದ ಕೆಂಪು ಛಾಯೆಯನ್ನು ಹಾಗೇ ಉಳಿಸಿಕೊಂಡೆ. ನಗುವ ಇನ್ನೊಂದು ಫೋಟೊ ಇಲ್ಲದ ಮನೆಯವರಿಗೆ ನಾನು ಈಗ ಬಾಯಿ ಮುಚ್ಚಿದ ಮುಖವನ್ನೇ ಮಾಡಿಕೊಡುತ್ತೇನೆ.

ಕೂದಲಿನಲ್ಲಿ ಹೋಲಿಕೆಗೆ ಹೆಚ್ಚು ಜಾಗವಿಲ್ಲ. ಸೃಷ್ಟಿಸಿದ ಕೂದಲನ್ನು ಬಳಸದಿರುವುದೇ ಉತ್ತಮ. ಮೂಲ ಪ್ರಿಂಟಿನಲ್ಲಿ ಕೂದಲೂ ಅಬ್ಬಲಿಗೆ ಮಾಲೆಯೂ ಉಳಿದಿದ್ದವು. ಹಾಗಾಗಿ ಹೊಸ ಮುಖ ಎಲ್ಲಿಯವರೆಗೆ ಕಾಣಬೇಕೆಂದು ಗುರುತಿಸುವ ಮಾಸ್ಕಿನ ಅಂಚನ್ನು ಕೂದಲಂಚಿನಿಂದ ಹತ್ತು ಪಿಕ್ಸೆಲ್ ಒಳಗೆ, ಹಣೆಯ ಚರ್ಮದ ಮೇಲೆ ತಂದೆ. ಹಣೆಯಲ್ಲಿ ಅಂಚನ್ನು ಅಗಲವಾಗಿ ಕರಗಿಸಿದೆ, ದವಡೆಯಲ್ಲಿ ಚೂಪಾಗಿಯೇ ಬಿಟ್ಟೆ. ಎಡ ಕಿವಿಯ ಮೇಲೆ ಮಾತ್ರ ಗಾಳಿಗೆ ಹಾರಿದ ಎಳೆಗಳು ಕಿತ್ತುಹೋಗಿದ್ದವು. ಬಲಗಡೆಯ ಎಳೆಗಳನ್ನು ತಿರುಗಿಸಿ ತಂದಾಗ ಅವುಗಳ ಸುತ್ತ ಹಳೆಯ ಹಿನ್ನೆಲೆಯ ಬಿಳಿ ಅಂಚು ಅಂಟಿಕೊಂಡು ಬಂತು. ಲೇಯರ್ ಮೋಡನ್ನು `Darken only` ಮಾಡಿದೆ. ಎರಡರಲ್ಲಿ ಕಪ್ಪಾದದ್ದಷ್ಟೇ ಉಳಿಯುವ ಕಾರಣ ಬೆಳ್ಳನೆಯ ಆಕಾಶದೆದುರು ಆ ಅಂಚು ಮಾಯವಾಯಿತು. ನರೆತ ಕೂದಲು, ಹಿಂದೆ ಕಪ್ಪು ಗುಡ್ಡ ಇದ್ದರೆ ಇದು ನಡೆಯದು, ಆಗ `Lighten only` ಬೇಕು.

ಎಲ್ಲ ಮುಗಿದ ಮೇಲೆ ಮುಖದ ಲೇಯರಿಗೆ ಸ್ವಲ್ಪ ನಾಯ್ಸ್, ಅಂದರೆ ಸಣ್ಣ ಚುಕ್ಕೆಗಳನ್ನು ಸೇರಿಸಿ, ಅರ್ಧ ಪಿಕ್ಸೆಲ್ ಮಸುಕು ಮಾಡಿದೆ, ಸುತ್ತಲಿನ ಹಳೆಯ ಚಿತ್ರದ ತರಿತರಿಯೊಂದಿಗೆ ಬೆರೆಯಲೆಂದು. ಪ್ರಿಂಟಿನ ಹಿಂಬದಿಯಲ್ಲಿ "ನಡುವಿನ ಮುಖ ಮರುರಚಿಸಿದ್ದು" ಎಂದು ಪೆನ್ಸಿಲಿನಲ್ಲಿ ಬರೆದುಕೊಟ್ಟೆ. ಮಗಳು ಅದನ್ನು ಓದಿ, ಚಿತ್ರವನ್ನು ತಿರುಗಿಸಿ, ಬಹಳ ಹೊತ್ತು ಬಾಯಿಯನ್ನೇ ನೋಡಿದರು. "ಇದು ಅವಳದೇ ಹಲ್ಲು" ಎಂದರು.