ಏಳು ವರ್ಷ ಬಳಸಿದ ಪಾವತಿ ಆ್ಯಪ್: ಕೆಟ್ಟದ್ದು ಆ್ಯಪ್ ಅಲ್ಲ, ಬ್ಯಾಂಕಿನಲ್ಲಿದ್ದ ಹಳೆಯ ನಂಬರ್

ತೀರ್ಥಹಳ್ಳಿಯಿಂದ ಒಳಗಿರುವ ನಮ್ಮ ಊರಿನಲ್ಲಿ 2018ರಿಂದ ಒಂದೇ ಯುಪಿಐ ಆ್ಯಪ್ ಬಳಸುತ್ತಿದ್ದೇನೆ. ತೋಟದ ಕೂಲಿ, ಅಂಗಡಿ, ಮಗಳ ಹಾಸ್ಟೆಲ್ ಖರ್ಚು ಎಲ್ಲವೂ ಅದರಲ್ಲೇ ಹೋಗುತ್ತವೆ. ಹಣ ಕಡಿತವಾಗಿ ತಲುಪದೆ ಉಳಿದದ್ದು ಎರಡೇ ಸಲ, ಎರಡೂ ಬಾರಿ ತಾನಾಗಿಯೇ ಮರಳಿ ಬಂತು. ಆ ವಿಷಯದಲ್ಲಿ ನನ್ನ ದೂರೇನೂ ಇಲ್ಲ. ಆದರೆ 2023ರ ಜೂನ್‌ನಲ್ಲಿ ಇದೇ ಆ್ಯಪ್ ನನ್ನನ್ನು ಎರಡು ದಿನ ಕಟ್ಟಿಹಾಕಿತು. ಅದಕ್ಕೆ ಕಾರಣವೇನೆಂದು ನಮ್ಮ ಕಡೆಯವರಿಗೆ ತಿಳಿದಿರಬೇಕು.

ಖಾತೆ ತೆರೆದಾಗ ಕೊಟ್ಟಿದ್ದ ನಂಬರಿನ ಸಿಗ್ನಲ್ ನಮ್ಮ ಮನೆಯಲ್ಲಿ ಸಿಗುವುದಿಲ್ಲ. ಅದಕ್ಕೆ ಬೇರೆ ಕಂಪನಿಯ ಎರಡನೆಯ ಸಿಮ್ ಕೊಂಡು ಅದರಿಂದಲೇ ಮಾತು, ಇಂಟರ್ನೆಟ್ ನಡೆಸಿದೆ. ಹಳೆಯ ಸಿಮ್ ಮೊಬೈಲಿನಲ್ಲೇ ಇತ್ತು, ರೀಚಾರ್ಜ್ ಮಾತ್ರ ನಿಲ್ಲಿಸಿದ್ದೆ. ಪಾವತಿಗಳು ಎಂದಿನಂತೆ ಹೋಗುತ್ತಿದ್ದುದರಿಂದ ಏನೂ ಅನುಮಾನ ಬರಲಿಲ್ಲ. ಒಮ್ಮೆ ನೋಂದಣಿಯಾದ ಮೊಬೈಲಿನಲ್ಲಿ ಪ್ರತಿ ಪಾವತಿಗೂ ನನ್ನ ಆ್ಯಪ್ ಎಸ್‌ಎಂಎಸ್ ಕಳಿಸುವುದಿಲ್ಲ, ಇಂಟರ್ನೆಟ್ ಯಾವ ಸಿಮ್‌ನದಾದರೂ ನಡೆಯುತ್ತದೆ.

ಅಡಿಕೆಗೆ ಕೊಳೆರೋಗದ ಔಷಧ ಹೊಡೆಸುವ ದಿನವೇ ಮಳೆನೀರು ಹೊಕ್ಕು ಮೊಬೈಲ್ ಹೋಯಿತು. ಹೊಸದನ್ನು ತಂದು ಆ್ಯಪ್ ಹಾಕಿದೆ. ಅದು ಮೊದಲು ಮಾಡುವ ಕೆಲಸವೆಂದರೆ ನಾವು ಆರಿಸಿದ ಸಿಮ್‌ನಿಂದ ಒಂದು ಎಸ್‌ಎಂಎಸ್ ಕಳಿಸುವುದು. ಈ ಸಿಮ್ ಈ ಮೊಬೈಲಿನಲ್ಲೇ ಇದೆ ಎಂಬುದಕ್ಕೆ ಅದೇ ಸಾಕ್ಷಿ. ರೀಚಾರ್ಜ್ ಇಲ್ಲದ ಹಳೆಯ ಸಿಮ್‌ನಿಂದ ಎಸ್‌ಎಂಎಸ್ ಹೋಗಲೇ ಇಲ್ಲ. ಹೊಸ ಸಿಮ್‌ನಿಂದ ಹೋಯಿತು, ಆದರೆ ಬ್ಯಾಂಕ್ ಆರಿಸಿದೊಡನೆ ‘ಈ ನಂಬರಿಗೆ ಖಾತೆ ಸಿಗಲಿಲ್ಲ’ ಎಂದು ಬಂತು.

ನನಗೆ ಅರ್ಥವಾದದ್ದು ಆಗಲೇ. ಆ್ಯಪ್ ನಮ್ಮಿಂದ ಖಾತೆ ಸಂಖ್ಯೆ ಕೇಳುವುದೇ ಇಲ್ಲ. ‘ಈ ಮೊಬೈಲ್ ನಂಬರಿಗೆ ನಿಮ್ಮಲ್ಲಿ ಯಾವ ಖಾತೆ ಇದೆ’ ಎಂದು ಬ್ಯಾಂಕನ್ನು ಕೇಳುತ್ತದೆ. ಬ್ಯಾಂಕ್ ತನ್ನ ಕಡತದಲ್ಲಿರುವ ನಂಬರನ್ನು ಮಾತ್ರ ನೋಡುತ್ತದೆ. ನನ್ನ ಹಣ ಖಾತೆಯಲ್ಲಿ ಹಾಗೆಯೇ ಇತ್ತು, ಆ್ಯಪ್ ಮೂಲಕ ಅಲ್ಲಿಗೆ ಹೋಗುವ ದಾರಿ ಮಾತ್ರ ಮುಚ್ಚಿತ್ತು.

ಮೂರು ದಿನದ ಕೂಲಿ 7,200 ರೂಪಾಯಿ ಬಾಕಿ. ಔಷಧ ಹೊಡೆದ ಕೊನೆಗಾರ “ಅಮ್ಮಾ, ಮುಂದಿನ ವಾರ ಕೊಟ್ಟರೂ ಆಗುತ್ತದೆ” ಎಂದ. ದಿನವಿಡೀ ಮಳೆಯಲ್ಲಿ ಮರ ಹತ್ತಿದವನನ್ನು ಕಾಯಿಸುವುದು ನನಗೆ ಸರಿಬರಲಿಲ್ಲ.

ಹಳೆಯ ನಂಬರನ್ನೇ ಬದುಕಿಸೋಣವೆಂದು ಆ ಕಂಪನಿಯ ಅಂಗಡಿಗೆ ಹೋದರೆ ಅದು ರದ್ದಾಗಿತ್ತು. ಪ್ರಿಪೇಯ್ಡ್ ಸಿಮ್ 90 ದಿನ ಯಾವ ಬಳಕೆಯೂ ಇಲ್ಲದೆ, ಅದರಲ್ಲಿ ಹಣವೂ ಉಳಿಯದೆ ಬಿದ್ದಿದ್ದರೆ ಕಂಪನಿ ಅದನ್ನು ಮುಚ್ಚಬಹುದು. ಮತ್ತೆ ಕೆಲಕಾಲ ಕಳೆದ ಮೇಲೆ ಅದೇ ನಂಬರನ್ನು ಬೇರೊಬ್ಬರಿಗೆ ಕೊಡುತ್ತದೆ. ಮರುದಿನ ಪಾಸ್‌ಬುಕ್, ಆಧಾರ್ ಹಿಡಿದು ಶಾಖೆಗೆ ಹೋಗಿ ನಂಬರ್ ಬದಲಾವಣೆಯ ಅರ್ಜಿ ತುಂಬಿದೆ. ಸಂಜೆಗೆ ಹೊಸ ನಂಬರಿಗೆ ಬ್ಯಾಂಕಿನ ಸಂದೇಶ ಬಂತು. ಆ್ಯಪ್‌ನಲ್ಲಿ ಮತ್ತೆ ಹುಡುಕಿದಾಗ ಖಾತೆ ಕಾಣಿಸಿತು. ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅವಧಿ ಮುಗಿಯುವ ತಿಂಗಳು-ವರ್ಷ, ಹೊಸ ನಂಬರಿಗೆ ಬಂದ ಓಟಿಪಿ ಕೊಟ್ಟು ಪಿನ್ ಇಟ್ಟುಕೊಂಡೆ. ಮೊದಲ 24 ಗಂಟೆ ನನಗೆ 5,000 ರೂಪಾಯಿಯ ಮಿತಿ ಇತ್ತು. ಅಷ್ಟನ್ನು ಅಂದೇ ಕಳಿಸಿ, ಉಳಿದ 2,200 ಮರುದಿನ ಕಳಿಸಿದೆ.

ಕೆಲವು ತಿಂಗಳ ನಂತರ ಆ ಹಳೆಯ ನಂಬರಿಗೆ ಕರೆ ಮಾಡಿದೆ. ಯಾರೋ ಅಪರಿಚಿತರು ಎತ್ತಿದರು. ಶಾಖೆಯಲ್ಲಿ ನಂಬರ್ ಬದಲಿಸದೆ ಇದ್ದಿದ್ದರೆ ನನ್ನ ಓಟಿಪಿಗಳೂ ಜಮಾ-ಖರ್ಚಿನ ಸಂದೇಶಗಳೂ ಅವರಿಗೆ ಹೋಗುತ್ತಿದ್ದವು. ಅವರು ಆ್ಯಪ್ ಹಾಕಿದರೆ ನನ್ನ ಖಾತೆಯೇ ಅವರಿಗೆ ಕಾಣಬಹುದಿತ್ತು. ಕಾರ್ಡಿನ ವಿವರವಿಲ್ಲದೆ ಆ ದಾರಿಯಲ್ಲಿ ಪಿನ್ ಇಡಲಾಗದು, ನಿಜ. ಆದರೆ ಆಧಾರ್ ಓಟಿಪಿಯಿಂದ ಪಿನ್ ಇಡುವ ದಾರಿಯೂ ಇದೆ, ನನ್ನ ಆಧಾರ್‌ನಲ್ಲೂ ಹಳೆಯ ನಂಬರೇ ಇತ್ತು! ಬ್ಯಾಂಕಿನಲ್ಲಿ ಬದಲಿಸಿದ ಮಾತ್ರಕ್ಕೆ ಆಧಾರ್‌ನಲ್ಲಿ ಬದಲಾಗುವುದಿಲ್ಲ, ಅದನ್ನು ಬೇರೆಯಾಗಿಯೇ ಮಾಡಿಸಬೇಕು. ಆಧಾರ್ ಕೇಂದ್ರಕ್ಕೆ ಹೋಗಿ ಅದನ್ನೂ ಮಾಡಿಸಿದೆ.

2025ರ ಏಪ್ರಿಲ್‌ನಿಂದ ಬ್ಯಾಂಕುಗಳೂ ಆ್ಯಪ್‌ಗಳೂ ರದ್ದಾದ ನಂಬರುಗಳ ಪಟ್ಟಿಯನ್ನು ವಾರಕ್ಕೊಮ್ಮೆಯಾದರೂ ನೋಡಿ ತಮ್ಮ ದಾಖಲೆ ಸರಿಪಡಿಸಬೇಕೆಂದು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ನಿಯಮ ಮಾಡಿದೆ. ಒಳ್ಳೆಯದೇ. ಆದರೆ ಆ ಪಟ್ಟಿಗೆ ಸೇರಿದ ನಂಬರನ್ನು ತೆಗೆಯಬಹುದೇ ಹೊರತು ನನ್ನ ಹೊಸ ನಂಬರ್ ಯಾವುದೆಂದು ಅವರಿಗೆ ತಿಳಿಯದು.

ಆ್ಯಪ್‌ಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಆ ‘ಖಾತೆ ಸಿಗಲಿಲ್ಲ’ ಎಂಬ ಸಂದೇಶಕ್ಕೆ: ‘ಬ್ಯಾಂಕಿನಲ್ಲಿ ಬೇರೆ ನಂಬರ್ ಇರಬಹುದು, ಶಾಖೆಯಲ್ಲಿ ವಿಚಾರಿಸಿ’ ಎಂಬ ಒಂದು ಸಾಲು ಇದ್ದಿದ್ದರೆ ಒಂದು ದಿನ ಉಳಿಯುತ್ತಿತ್ತು. ಈ ಮಳೆಗಾಲಕ್ಕೆ ಮೊದಲು ನಾದಿನಿಯ ಊರಿನಲ್ಲೂ ಅವಳ ಕಂಪನಿಯ ಸಿಗ್ನಲ್ ಕೈಕೊಟ್ಟಿತು. ಅವಳಿಗೆ ಹೊಸ ಸಿಮ್ ಕೊಳ್ಳಲು ಬಿಡಲಿಲ್ಲ. 1900ಕ್ಕೆ ಪೋರ್ಟ್ ಸಂದೇಶ ಕಳಿಸಿ, ಅದೇ ನಂಬರನ್ನು ನಮ್ಮ ಕಡೆ ಸಿಗ್ನಲ್ ಇರುವ ಕಂಪನಿಗೆ ಬದಲಿಸಿಕೊಂಡೆವು. ಸಿಮ್ ಹೊಸದಾದ್ದರಿಂದ ಆ್ಯಪ್‌ನಲ್ಲಿ ಒಮ್ಮೆ ಮರುನೋಂದಣಿ ಕೇಳಿತು, ಖಾತೆ ಮೊದಲ ಸಲಕ್ಕೇ ಸಿಕ್ಕಿತು.