27 ಇಂಚು, 2560×1440: ಡಿಟಿಪಿ ಮೇಜಿನ ಮೇಲೆ ಎರಡೂವರೆ ವರ್ಷ

ದಾವಣಗೆರೆಯ ಮಂಡಿಪೇಟೆಯ ಸಮೀಪ ನಮ್ಮದೊಂದು ಚಿಕ್ಕ ಡಿಟಿಪಿ ಅಂಗಡಿಯಿದೆ. ಲಗ್ನಪತ್ರಿಕೆ, ಕರಪತ್ರ, ಸಂಘಗಳ ವಾರ್ಷಿಕ ವರದಿ ಇವೇ ನಮ್ಮ ಕೆಲಸವಾದ್ದರಿಂದ ದಿನಕ್ಕೆ ಎಂಟು ಗಂಟೆ ಕನ್ನಡ ಅಕ್ಷರಗಳನ್ನೇ ನೋಡುತ್ತಿರುತ್ತೇನೆ. ಈಗ ಬಳಸುತ್ತಿರುವ 27 ಇಂಚಿನ, 2560×1440 ಪಿಕ್ಸೆಲ್‌ಗಳ ಮಾನಿಟರಿಗೆ ಎರಡೂವರೆ ವರ್ಷ ತುಂಬಿದೆ. ಅದಕ್ಕೆ ಮೊದಲು, ಪರದೆ ದೊಡ್ಡದಿದ್ದರೆ ಅಕ್ಷರ ಚೆನ್ನಾಗಿ ಕಾಣುತ್ತದೆಂದು ನಂಬಿ, ಅದೇ 27 ಇಂಚಿನ ಫುಲ್ ಎಚ್‌ಡಿ ಮಾನಿಟರ್ ಕೊಂಡಿದ್ದೆ.

ಅಕ್ಷರ ದೊಡ್ಡದಾಗಿ ಕಂಡದ್ದು ನಿಜ, ಸ್ಪಷ್ಟವಾಗಿ ಕಾಣಲಿಲ್ಲ. ಒಂದು ಲಗ್ನಪತ್ರಿಕೆಯಲ್ಲಿ ವಧುವಿನ ಹೆಸರು ಧನಲಕ್ಷ್ಮಿ ಎಂದಿರಬೇಕಾದದ್ದು ದನಲಕ್ಷ್ಮಿ ಎಂದಾಗಿ, ಕರಡು ತಿದ್ದುವಾಗ ಅದು ನನ್ನ ಕಣ್ಣಿಗೆ ಬೀಳದೆ, ಮುನ್ನೂರು ಪ್ರತಿ ಅಚ್ಚಾಗಿಬಿಟ್ಟವು. ಹುಡುಗಿಯ ಸೋದರಮಾವ ಪತ್ರಿಕೆ ಹಿಡಿದು ಬಂದು, "ಏನ್ರೀ ಇದು, ನಮ್ಮ ಹುಡುಗೀನ ದನ ಮಾಡಿಬಿಟ್ಟೀರಲ್ರೀ" ಎಂದರು. ಮರುಮುದ್ರಣದ ಖರ್ಚು ನನ್ನದೇ ಆಯಿತು. ಬೆರಳಚ್ಚಿನ ತಪ್ಪು ನನ್ನದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಕಾಣದೇ ಹೋದದ್ದಕ್ಕೆ ಲೆಕ್ಕದಿಂದ ತಿಳಿಯುವ ಕಾರಣವೊಂದಿತ್ತು.

ಪರದೆಯ ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್‌ಗಳಿವೆ ಎಂಬುದೇ ಪಿಕ್ಸೆಲ್ ಸಾಂದ್ರತೆ. ಅಗಲ ಮತ್ತು ಎತ್ತರದ ಪಿಕ್ಸೆಲ್‌ಗಳಿಂದ ಕರ್ಣವನ್ನು ಕಂಡುಹಿಡಿದು, ಅದನ್ನು ಪರದೆಯ ಇಂಚಿನಿಂದ ಭಾಗಿಸಿದರೆ ಅದು ಸಿಗುತ್ತದೆ.

```
√(1920² + 1080²) ÷ 27 ≈ 82
√(2560² + 1440²) ÷ 27 ≈ 109
√(3840² + 2160²) ÷ 27 ≈ 163
```

ನಾನು ಕರಡು ತಿದ್ದುವುದು ಪುಟವನ್ನು ಕಾಗದದ ನಿಜವಾದ ಅಳತೆಯಲ್ಲಿಟ್ಟುಕೊಂಡು. ಎ4 ಹಾಳೆಯೊಂದನ್ನು ಪರದೆಗೆ ಒತ್ತಿ ಹಿಡಿದು, ಎರಡರ ಅಂಚೂ ಕೂಡುವವರೆಗೆ ಜೂಮ್ ಬದಲಿಸುತ್ತೇನೆ. ತಂತ್ರಾಂಶವು ಇಂಚಿಗೆ 96 ಪಿಕ್ಸೆಲ್ ಎಂದು ಭಾವಿಸಿರುವುದರಿಂದ, ಹಳೆಯ ಪರದೆಯಲ್ಲಿ ಈ ಹೊಂದಿಕೆ ಸುಮಾರು 85%ಕ್ಕೆ ಬರುತ್ತಿತ್ತು, ಈಗಿನದರಲ್ಲಿ 113%ಕ್ಕೆ ಬರುತ್ತದೆ. ಹಾಗಾಗಿ 11 ಪಾಯಿಂಟಿನ ಸಾಲಿಗೆ ಹಿಂದೆ ಎತ್ತರದಲ್ಲಿ ಹನ್ನೆರಡು ಪಿಕ್ಸೆಲ್‌ಗಳಷ್ಟೇ ಸಿಗುತ್ತಿದ್ದವು, ಈಗ ಹದಿನೇಳು ಸಿಗುತ್ತವೆ. ತಲೆಕಟ್ಟು, ಗುಣಿತ, ಅಕ್ಷರದ ಒಡಲು, ಕೆಳಗಿನ ಒತ್ತು ಇವೆಲ್ಲ ಆ ಹನ್ನೆರಡರಲ್ಲೇ ಹಿಡಿಸಬೇಕಾದಾಗ, ದಕಾರವನ್ನು ಧಕಾರ ಮಾಡುವ ತಳದ ಸಣ್ಣ ಗೀಟಿಗೆ ಒಂದು ಪೂರ್ತಿ ಪಿಕ್ಸೆಲ್ ಕೂಡ ಉಳಿಯದೆ ಅದು ಬೂದುಬಣ್ಣದ ಮಸುಕಾಗುತ್ತಿತ್ತು. ಡ-ಢ, ಪ-ಫಗಳ ಪಾಡೂ ಅದೇ.

ಹಾಗಾದರೆ 163ರ 4ಕೆ ಪರದೆಯನ್ನೇ ಏಕೆ ಕೊಳ್ಳಲಿಲ್ಲ ಎಂದು ಕೇಳಬಹುದು. ಪರಿಚಿತರ ಬಳಿಯಿಂದ ಒಂದನ್ನು ತಂದು ವಾರವಿಡೀ ಬಳಸಿ ನೋಡಿದೆ. ಅಕ್ಷರಗಳು ಅಚ್ಚಿನ ಮೊಳೆಯಂತೆ ತೀಕ್ಷ್ಣವಾಗಿದ್ದವು. ಆದರೆ 100%ರಲ್ಲಿ ಮೆನು ಓದಲಾಗದಷ್ಟು ಚಿಕ್ಕದು, ಆದ್ದರಿಂದ ವಿಂಡೋಸಿನಲ್ಲಿ ಸ್ಕೇಲಿಂಗನ್ನು 150%ಕ್ಕೆ ಏರಿಸಲೇಬೇಕು. ಹೊಸ ತಂತ್ರಾಂಶಗಳಿಗೆ ಇದರಿಂದ ತೊಂದರೆಯಿಲ್ಲ. ನಾವು ಹಳೆಯ ಕಡತಗಳಿಗಾಗಿ ಉಳಿಸಿಕೊಂಡಿರುವ ಪುಟವಿನ್ಯಾಸ ತಂತ್ರಾಂಶಕ್ಕೆ ಮಾತ್ರ ಸ್ಕೇಲಿಂಗ್ ಎಂಬುದೇ ಗೊತ್ತಿಲ್ಲ; ಅದು ಬಿಡಿಸಿದ ಚಿತ್ರವನ್ನು ವಿಂಡೋಸ್ ಹಾಗೆಯೇ ಒಂದೂವರೆ ಪಟ್ಟು ಹಿಗ್ಗಿಸಿದ್ದರಿಂದ ಇಡೀ ಪುಟ ಮಬ್ಬಾಯಿತು. ಆ ತಂತ್ರಾಂಶದ Compatibility ಪುಟಕ್ಕೆ ಹೋಗಿ "Override high DPI scaling behavior" ಎಂಬಲ್ಲಿ Application ಆರಿಸಿದರೆ ಮಬ್ಬು ಹೋಗಿ, ಮೆನು ಮತ್ತೆ ಇರುವೆಸಾಲಿನಂತಾಗುತ್ತಿತ್ತು. ಇಂಥ ಹಳೆಯ ತಂತ್ರಾಂಶದ ಹಂಗಿಲ್ಲದವರು 4ಕೆ ಪರದೆಯನ್ನೇ ಕೊಳ್ಳಬಹುದೆಂಬುದು ನನ್ನ ಅಭಿಪ್ರಾಯ.

109ರ ಪರದೆಯಲ್ಲಿ ಸ್ಕೇಲಿಂಗ್ 100%ರಲ್ಲೇ ಇದೆ. ಪರದೆಯ ಎತ್ತರ ಸುಮಾರು 33.6 ಸೆಂ.ಮೀ. ಇರುವುದರಿಂದ ಎ4 ಪುಟ ನಿಜ ಅಳತೆಯಲ್ಲಿ ನಿಂತು ಮೆನುವಿಗೂ ಜಾಗ ಉಳಿಯುತ್ತದೆ. ಆದರೆ 24 ಇಂಚಿನ ಫುಲ್ ಎಚ್‌ಡಿಗೆ ಹೋಲಿಸಿದರೆ ಮೆನುವಿನ ಅಕ್ಷರ ಶೇ. 15ರಷ್ಟು ಚಿಕ್ಕದು. ನನಗೆ ಅರವತ್ತು ಸೆಂ.ಮೀ. ದೂರದಿಂದ ಅದು ಸಲೀಸು. ಐವತ್ತು ದಾಟಿದ ನಮ್ಮಣ್ಣನಿಗೆ ಅಲ್ಲ. ಅವರು ಕೂರುವಾಗ Accessibility ವಿಭಾಗದ Text size ಅನ್ನು 110%ಕ್ಕೆ ಇಡುತ್ತಾರೆ. ಅದು ಅಕ್ಷರವನ್ನಷ್ಟೇ ಹಿಗ್ಗಿಸುವುದರಿಂದ ಮಬ್ಬಿನ ಕಾಟವಿಲ್ಲ.

ಮೊದಲ ದಿನ ಮಾತ್ರ ಎದೆ ಧಸಕ್ಕೆಂದಿತ್ತು. ಹೊಸ ಪರದೆಯಲ್ಲೂ ಅಕ್ಷರಗಳು ಕಲಸಿಹೋಗಿದ್ದವು. Display resolution ತೆರೆದು ನೋಡಿದರೆ 1920×1080 ಎಂದಿತ್ತು. ನಮ್ಮ ಹಳೆಯ ಕಂಪ್ಯೂಟರಿನ ಎಚ್‌ಡಿಎಂಐ ಅದಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ. ಅದೇ ಕಂಪ್ಯೂಟರಿನ ಡಿಸ್‌ಪ್ಲೇಪೋರ್ಟಿಗೆ ಕೇಬಲ್ ಬದಲಿಸಿದ ಕೂಡಲೇ 2560×1440 ಬಂದಿತು. ಆ ಬಳಿಕ ನಾನು ಮೊದಲು ತೆರೆದದ್ದು ಆ ಲಗ್ನಪತ್ರಿಕೆಯ ಕಡತವನ್ನು. ಧಕಾರದ ಗೀಟು ಕನ್ನಡಕವಿಲ್ಲದೆಯೂ ಕಾಣುತ್ತಿತ್ತು.